ಬ್ಲ್ಯಾಕ್ ಫ್ರೈಡೆ ಬದಲು ಆಷಾಢದ ಕೊನೆ ವಾರ: ಸಣ್ಣ ಆನ್‌ಲೈನ್ ಅಂಗಡಿಯವರು ಸೇಲ್ ಮಾಡುವ ಬಗೆ

ಮೈಸೂರಿನಲ್ಲಿ ನಮ್ಮದೊಂದು ಸಣ್ಣ ಕಾಟನ್ ಸೀರೆ ಅಂಗಡಿ ಇದೆ. ಅರ್ಧ ವ್ಯಾಪಾರ ಅಂಗಡಿಯಲ್ಲಿ, ಇನ್ನರ್ಧ ವಾಟ್ಸಾಪ್ ಮತ್ತು ನಮ್ಮದೇ ವೆಬ್‌ಸೈಟ್‌ನಲ್ಲಿ. ಆನ್‌ಲೈನ್ ಶುರು ಮಾಡಿದ ಮೊದಲ ವರ್ಷ ಎಲ್ಲರೂ ಮಾಡುತ್ತಾರೆ ಅಂತ ನಾವೂ ನವೆಂಬರ್ ಕೊನೆಯಲ್ಲಿ ಬ್ಲ್ಯಾಕ್ ಫ್ರೈಡೆ ಸೇಲ್ ಇಟ್ಟೆವು. ಕಪ್ಪು ಪೋಸ್ಟರ್, ಓಡುವ ಗಡಿಯಾರ, ಒಂದೇ ದಿನ, ಶೇಕಡಾ 20 ಕಡಿತ. ಆರ್ಡರ್ ಚೆನ್ನಾಗಿಯೇ ಬಂದವು. ನೂರು ಪಾರ್ಸೆಲ್ ಹೋದವು, ಎಲ್ಲವೂ ಕ್ಯಾಶ್ ಆನ್ ಡೆಲಿವರಿ. ಎರಡು ವಾರ ಕಳೆಯುವಷ್ಟರಲ್ಲಿ 38 ಪಾರ್ಸೆಲ್ ವಾಪಸ್ ಬಂದು ಅಂಗಡಿ ಬಾಗಿಲಲ್ಲಿ ರಾಶಿ ಬಿದ್ದಿದ್ದವು. ಲೆಕ್ಕ ಹಾಕಿದರೆ ಕೈಯಿಂದಲೇ 190 ರೂಪಾಯಿ ಹೋಗಿತ್ತು.

ತಪ್ಪು ಸೀರೆಯಲ್ಲೂ ಇರಲಿಲ್ಲ, ಬೆಲೆಯಲ್ಲೂ ಇರಲಿಲ್ಲ. ಹೊರದೇಶದ ಸೇಲ್ ದಿನ ನಿಂತಿರುವುದೇ ಅವಸರದ ಮೇಲೆ. ಈಗ ಒತ್ತಿ, ಇಲ್ಲದಿದ್ದರೆ ಹೋಯಿತು ಅನ್ನುವ ಗಾಬರಿ. ನಮ್ಮ ಗಿರಾಕಿ ಹಾಗೆ ಕೊಳ್ಳುವವರಲ್ಲ. ನೋಡುತ್ತಾರೆ, ಅತ್ತಿಗೆಗೆ ಫೋಟೊ ಕಳಿಸುತ್ತಾರೆ, ಭಾನುವಾರ ಮಗ ಮನೆಗೆ ಬಂದಾಗ ಕೇಳುತ್ತಾರೆ, ಆಮೇಲೆ ದುಡ್ಡು ತೆಗೆಯುತ್ತಾರೆ. ಅವಸರ ಮಾಡಿಸಿದರೆ ಆರ್ಡರ್ ಹಾಕುತ್ತಾರೆ, ಆದರೆ ಪಾರ್ಸೆಲ್ ಬಾಗಿಲಿಗೆ ಬಂದಾಗ "ಬೇಡ" ಅನ್ನುತ್ತಾರೆ. ಬಟನ್ ಒತ್ತುವ ದಿನ ಕೇಳಬೇಕಾಗಿದ್ದ ಮಾತನ್ನು ಅವರು ಕೊರಿಯರ್ ಹುಡುಗನ ಮುಂದೆ ಕೇಳಿಕೊಳ್ಳುತ್ತಿರುತ್ತಾರೆ, ಅಷ್ಟೇ.

ಈ ಪಾಠ ದೊಡ್ಡವರಿಗೂ ಆಗಿದೆ. 2014ರ ಅಕ್ಟೋಬರ್ 6ರಂದು ಫ್ಲಿಪ್‌ಕಾರ್ಟ್ ಮೊದಲ ಬಿಗ್ ಬಿಲಿಯನ್ ಡೇ ಮಾಡಿದಾಗ ಸೈಟ್ ತಡವರಿಸಿತು, ಮಾಲು ಬೇಗ ಖಾಲಿಯಾಯಿತು, ಕೆಲವು ಆರ್ಡರ್ ರದ್ದಾದವು, ಸೇಲ್‌ಗೆ ಮುಂಚೆ ಬೆಲೆ ಏರಿಸಿದ್ದರು ಅಂತ ಜನ ದೂರಿದರು. ಮಾರನೇ ದಿನ ಕಂಪನಿ ಕಟ್ಟಿದವರೇ ಗಿರಾಕಿಗಳ ಕ್ಷಮೆ ಕೇಳಿದರು. ಆಮೇಲಿನ ವರ್ಷಗಳಲ್ಲಿ ಅದು ಒಂದು ದಿನದ ಸೇಲ್ ಆಗಿ ಉಳಿಯಲಿಲ್ಲ. ಹಲವು ದಿನಗಳಿಗೆ ಹರಡಿಕೊಂಡು ದಸರಾ ದೀಪಾವಳಿ ಕಾಲಕ್ಕೆ ಹೊಂದಿಕೊಂಡಿತು.

ಈಗ ನಾವು ಸೇಲ್ ಮಾಡುವ ಕ್ರಮ ಹೇಳುತ್ತೇನೆ. ಮೈಸೂರು, ಮಂಡ್ಯ ಕಡೆ ಬಟ್ಟೆ, ಬೆಡ್‌ಶೀಟ್, ಪಾತ್ರೆ ಇಂಥದ್ದನ್ನು ಆನ್‌ಲೈನ್‌ನಲ್ಲಿ ಮಾರುವ ಸಣ್ಣವರಿಗೆ ಇದು ಹೊಂದುತ್ತದೆ.

ಮೊದಲು ದಿನ ಆರಿಸಿ

ಬ್ಲ್ಯಾಕ್ ಫ್ರೈಡೆ ಬರುವುದು ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮಾರನೇ ದಿನ, ಅಂದರೆ ನವೆಂಬರ್‌ನ ನಾಲ್ಕನೇ ಗುರುವಾರ ಕಳೆದ ಶುಕ್ರವಾರ. ಅಲ್ಲಿ ಅದು ಕ್ರಿಸ್‌ಮಸ್ ಖರೀದಿಯ ಶುರು. ಇಲ್ಲಿ ಅಷ್ಟು ಹೊತ್ತಿಗೆ ದಸರಾ ಮುಗಿದಿರುತ್ತದೆ, ದೀಪಾವಳಿ ಮುಗಿದಿರುತ್ತದೆ, ಮನೆಯವರಿಗೆಲ್ಲ ಬಟ್ಟೆ ತಂದಾಗಿರುತ್ತದೆ. ಮೇಲಾಗಿ ತಿಂಗಳ ಕೊನೆ. ಸಂಬಳದವರ ಕೈಯಲ್ಲಿ ದುಡ್ಡಿರುವುದು ಒಂದನೇ ತಾರೀಖಿನಿಂದ ಏಳೆಂಟರ ತನಕ. ಚೀನಾದ ಅಲಿಬಾಬಾ 2009ರಲ್ಲಿ ಶುರು ಮಾಡಿದ ನವೆಂಬರ್ 11ರ ಸೇಲ್‌ನ ಕಥೆಯೂ ಅಷ್ಟೇ. ಹೆಚ್ಚಿನ ವರ್ಷ ಅದು ಬರುವುದು ದೀಪಾವಳಿಯ ಬೆನ್ನಿಗೇ.

ಮಂಡ್ಯ ಕಡೆಯ ಹಳ್ಳಿ ಗಿರಾಕಿಗಳ ಲೆಕ್ಕ ಇನ್ನೊಂದು ಥರ. ಕಬ್ಬಿನ ದುಡ್ಡು ಬರುವ ದಿನ ಹೇಳೋಕಾಗಲ್ಲ. ಮನೆ ಹೆಂಗಸರ ಕೈಗೆ ತಪ್ಪದೆ ಬರುವುದು ಡೇರಿ ಬಟವಾಡೆ, ಹಾಲಿನ ದುಡ್ಡು. ಅದು ಯಾವ ಊರಲ್ಲಿ ಯಾವ ವಾರ ಅನ್ನುವುದನ್ನು ಗಿರಾಕಿಗಳನ್ನೇ ಕೇಳಿ ಬರೆದಿಟ್ಟುಕೊಳ್ಳಿ. ನಮ್ಮ ಪುಸ್ತಕದಲ್ಲಿ ಪ್ರತಿ ಊರಿನ ಹೆಸರಿನ ಮುಂದೆ ಆ ದಿನ ಬರೆದಿದೆ.

ನಾವು ಆರಿಸಿಕೊಂಡಿದ್ದು ಆಷಾಢದ ಕೊನೆ ವಾರ. ಆಷಾಢದಲ್ಲಿ ಮದುವೆ ಮುಂಜಿ ಇಲ್ಲ, ಬಟ್ಟೆ ಅಂಗಡಿಗಳು ಕಡಿತ ಕೊಡುತ್ತವೆ ಅನ್ನುವುದು ನಮ್ಮ ಜನಕ್ಕೆ ತಲೆಮಾರಿನಿಂದ ಗೊತ್ತು. "ಯಾಕೆ ಕಮ್ಮಿಗೆ ಕೊಡ್ತಾ ಇದೀರ?" ಅಂತ ಯಾರೂ ಅನುಮಾನ ಪಡುವುದಿಲ್ಲ. ನವೆಂಬರ್‌ನಲ್ಲಿ ಇದೇ ಪ್ರಶ್ನೆಯನ್ನು ನಮಗೆ ಹಲವರು ಕೇಳಿದ್ದರು. ಮಾಲು ಹಳೇದಾ, ಡ್ಯಾಮೇಜಾ ಅಂತ. ಅದೂ ಅಲ್ಲದೆ ಆಷಾಢ ಮುಗಿದ ಕೂಡಲೇ ಶ್ರಾವಣ, ವರಮಹಾಲಕ್ಷ್ಮಿ, ಗೌರಿ ಹಬ್ಬ. ಸೀರೆಗೆ ಕೆಲಸ ಇರುವ ಕಾಲ.

ಶುಕ್ರವಾರದ ಬಗ್ಗೆ ಒಂದು ಮಾತು. ಮೈಸೂರಿಗೆ ಶುಕ್ರವಾರ ಅಂದ್ರೆ ಮೊದಲು ನೆನಪಾಗುವುದು ಆಷಾಢ ಶುಕ್ರವಾರ, ಚಾಮುಂಡಿ ಬೆಟ್ಟ. ಕೆಲವು ಮನೆಗಳಲ್ಲಿ ಶುಕ್ರವಾರ ಮುಸ್ಸಂಜೆ ಕೈಯಿಂದ ದುಡ್ಡು ಕೊಡುವುದಿಲ್ಲ. ಆ ಹೊತ್ತಿಗೆ ಕೊರಿಯರ್ ಹುಡುಗ ಬಂದು ದುಡ್ಡು ಕೇಳಿದರೆ "ನಾಳೆ ಬಾಪ್ಪ" ಅನ್ನುತ್ತಾರೆ. ಎರಡು ಸಲ ನಾಳೆ ಅಂದರೆ ಪಾರ್ಸೆಲ್ ವಾಪಸ್. ಹಬ್ಬಕ್ಕೆ ಸೀರೆ ಮಾರುವವರು ಕಪ್ಪು ಪೋಸ್ಟರ್ ಅನ್ನೂ ಬಿಡುವುದು ಒಳ್ಳೆಯದು. ಹಸಿರು, ಅರಿಶಿನ ಇರಲಿ.

ಒಂದು ದಿನದ ಬದಲು ಏಳು ದಿನ ಇಡಿ, ನಡುವೆ ಒಂದು ಭಾನುವಾರ ಬರಲೇಬೇಕು. ದುಡ್ಡು ಕಳಿಸುವ ಫೋನ್ ಎಷ್ಟೋ ಮನೆಗಳಲ್ಲಿ ಮಗನದ್ದು, ಇಲ್ಲ ಗಂಡನದ್ದು. ಅವರು ಮನೆಯಲ್ಲಿರುವುದು ಅವತ್ತೇ.

ಕಡಿತ ಎಷ್ಟು ಅನ್ನುವುದನ್ನು ವಾಪಸ್ ಪಾರ್ಸೆಲ್‌ನಿಂದ ಲೆಕ್ಕ ಹಾಕಿ

ಬಹಳ ಜನ ಇಲ್ಲೇ ಎಡವುತ್ತಾರೆ, ಅದಕ್ಕೆ ನಮ್ಮ ಲೆಕ್ಕವನ್ನೇ ಪೂರ್ತಿ ಬಿಡಿಸಿ ಇಡುತ್ತೇನೆ. ಇದರಲ್ಲಿ ಜಿಎಸ್‌ಟಿ ಮತ್ತು ಜಾಹೀರಾತಿನ ಖರ್ಚು ಸೇರಿಲ್ಲ.

ಸೀರೆಯ ಅಸಲು ನಮಗೆ 620 ರೂಪಾಯಿ. ಮಾಮೂಲಿ ಮಾರುವ ಬೆಲೆ 1,050. ಶೇಕಡಾ 20 ಕಳೆದರೆ 840. ಕೊರಿಯರ್‌ಗೆ 75, ದುಡ್ಡು ವಸೂಲಿ ಮಾಡಿ ತರುವುದಕ್ಕೆ ಅವರ ಚಾರ್ಜು 35, ಕವರ್ ಮತ್ತು ಪ್ಯಾಕಿಂಗ್ 15. ಗಿರಾಕಿ ಪಾರ್ಸೆಲ್ ತೆಗೆದುಕೊಂಡರೆ ಉಳಿಯುವುದು 95 ರೂಪಾಯಿ. ತೆಗೆದುಕೊಳ್ಳದಿದ್ದರೆ ಹೋಗುವಾಗಿನ 75, ವಾಪಸ್ ತರುವ 70, ಪ್ಯಾಕಿಂಗ್ 15, ಒಟ್ಟು 160 ರೂಪಾಯಿ ನಮ್ಮ ಕೈಯಿಂದ. ಅಂದರೆ ಒಂದು ವಾಪಸ್ ಪಾರ್ಸೆಲ್ ಹತ್ತಿರ ಹತ್ತಿರ ಎರಡು ಒಳ್ಳೆ ಆರ್ಡರ್‌ನ ಲಾಭ ನುಂಗುತ್ತದೆ.

ಆ ಸಲ 62 ಸೀರೆ ತಲುಪಿದ್ದವು, 62 ಸಲ 95 ಅಂದರೆ 5,890. ವಾಪಸ್ ಬಂದಿದ್ದು 38, 38 ಸಲ 160 ಅಂದರೆ 6,080. ನಷ್ಟ ಬಂದಿದ್ದು ಹೀಗೆ. ಇನ್ನೊಂದೇ ಒಂದು ಪಾರ್ಸೆಲ್ ತಲುಪಿದ್ದರೆ 65 ರೂಪಾಯಿ ಉಳಿಯುತ್ತಿತ್ತು. ಹಾಗಾಗಿ ಆ ಬೆಲೆಗೆ ನೂರರಲ್ಲಿ 37 ವಾಪಸ್ ನಮ್ಮ ಗೆರೆ. ಅದನ್ನು ದಾಟಿದರೆ ಮಾರಿದಷ್ಟೂ ನಷ್ಟ.

ನಿಮ್ಮ ಗೆರೆ ಕಂಡುಹಿಡಿಯುವುದು ಸುಲಭ. ತಲುಪಿದರೆ ಉಳಿಯುವ ದುಡ್ಡನ್ನು, ಅದಕ್ಕೆ ವಾಪಸ್ ಬಂದರೆ ಹೋಗುವ ದುಡ್ಡನ್ನು ಕೂಡಿಸಿ ಬಂದ ಮೊತ್ತದಿಂದ ಭಾಗಿಸಿ. ನಮ್ಮದು 95 ಭಾಗಿಸು 255. ಕೊರಿಯರ್ ಚಾರ್ಜು ಒಬ್ಬೊಬ್ಬರಿಗೆ ಒಂದೊಂದು ಥರ ಇರುತ್ತದೆ. ವಾಪಸ್ ಬಂದ ಪಾರ್ಸೆಲ್‌ಗೂ ವಸೂಲಿ ಚಾರ್ಜು ಹಿಡಿಯುತ್ತಾರಾ ಅನ್ನುವುದನ್ನು ನಿಮ್ಮ ದರಪಟ್ಟಿಯಲ್ಲಿ ನೋಡಿ. ಕೊರಿಯರ್‌ನವರು ಈ ವಾಪಸ್‌ಗೆ ಆರ್‌ಟಿಒ ಅಂತ ಬರೆದಿರುತ್ತಾರೆ.

ಎರಡನೇ ಸಲ, ಆಷಾಢದಲ್ಲಿ, ನಾವು ಶೇಕಡಾ 12 ಮಾತ್ರ ಇಳಿಸಿದೆವು. ಬೆಲೆ 925. ಮೊದಲೇ ಯುಪಿಐ ಮಾಡಿದವರಿಗೆ ವಸೂಲಿ ಚಾರ್ಜು ಉಳಿಯುತ್ತದಲ್ವಾ, ಆ 35 ರೂಪಾಯಿಯನ್ನು ಅವರಿಗೇ ಬಿಟ್ಟು 890ಕ್ಕೆ ಕೊಟ್ಟೆವು. ಹೇಗೆ ಕೊಂಡರೂ ನಮಗೆ ಉಳಿಯುವುದು 180. ಆರ್ಡರ್ ನೂರು ಬರಲಿಲ್ಲ, 64 ಬಂದವು. ಅದರಲ್ಲಿ 59 ತಲುಪಿದವು, 5 ವಾಪಸ್ ಬಂದವು. ಉಳಿದಿದ್ದು ಹತ್ತು ಸಾವಿರದ ಮೇಲೆ. ಆ ಐದಕ್ಕೆ ಆದ ಖರ್ಚಿನಲ್ಲಿ ಒಂದು ಪಾಲು ಮುಂಗಡದಿಂದ ಬಂತು. ಅದನ್ನು ಮುಂದೆ ಹೇಳುತ್ತೇನೆ.

ಹಳೇ ಬೆಲೆ ನಿಜವಾಗಿರಲಿ

ಗೆರೆ ಎಳೆದು ತೋರಿಸುವ ಹಳೇ ಬೆಲೆಯನ್ನು ಈಗ ಯಾರೂ ಸುಮ್ನೆ ನಂಬುವುದಿಲ್ಲ. ಹೋದ ತಿಂಗಳ ಸ್ಕ್ರೀನ್‌ಶಾಟ್ ಇಟ್ಟುಕೊಂಡೇ ಮಾತಾಡುತ್ತಾರೆ. ನಾವು ಇಟ್ಟುಕೊಂಡ ಕಟ್ಟು ಇದು: ಹಿಂದಿನ 30 ದಿನದಲ್ಲಿ ನಿಜವಾಗಿ ಬಿಲ್ ಆದ ಬೆಲೆಯನ್ನು ಮಾತ್ರ ಗೆರೆ ಎಳೆದು ತೋರಿಸುವುದು. ಯಾರಾದರೂ ಕೇಳಿದರೆ ಗಿರಾಕಿಯ ಹೆಸರು ಮುಚ್ಚಿ ಆ ಬಿಲ್‌ನ ಫೋಟೊ ಕಳಿಸುತ್ತೇವೆ.

ಸೇಲ್ ಬೆಲೆಯನ್ನು ಏಳು ದಿನ ಮುಂಚೆಯೇ ಹೇಳಿಬಿಡಿ. "ಬರಲಿದೆ ದೊಡ್ಡ ಸೇಲ್" ಅಂತ ಬರೀ ಸದ್ದು ಮಾಡಬೇಡಿ, ಯಾವ ಸೀರೆ ಎಷ್ಟಕ್ಕೆ ಅನ್ನುವ ಪಟ್ಟಿಯನ್ನೇ ಹಾಕಿ. ಆ ಏಳು ದಿನ ವ್ಯಾಪಾರ ನಿಂತುಹೋಗುತ್ತದೆ, ಅದು ನಿಜ. ಅದಕ್ಕೊಂದು ದಾರಿ ಇದೆ. ಆ ವಾರ ಹಳೇ ಬೆಲೆಗೆ ಕೊಂಡವರಿಗೆ ಸೇಲ್ ಶುರುವಾದ ದಿನ ವ್ಯತ್ಯಾಸದ ದುಡ್ಡನ್ನು ನಾವಾಗಿ ವಾಪಸ್ ಹಾಕಿ. ನಾವು 125 ರೂಪಾಯಿಯಂತೆ ಹನ್ನೊಂದು ಜನಕ್ಕೆ ಹಾಕಿದೆವು. ಅದರಲ್ಲಿ ನಾಲ್ಕು ಜನ ಸೇಲ್‌ನಲ್ಲಿ ಮತ್ತೊಂದು ಸೀರೆ ತೆಗೆದುಕೊಂಡರು.

ಓಡುವ ಗಡಿಯಾರ ಬೇಡ. "ಇನ್ನು 2 ಮಾತ್ರ ಉಳಿದಿವೆ" ಅನ್ನುವುದನ್ನು ನಿಜವಾಗಿ ಎರಡೇ ಇದ್ದರೆ ಹಾಕಿ. ಸುಳ್ಳು ಅವಸರ ತೋರಿಸುವುದು, ಕೇಳದೆ ಬುಟ್ಟಿಗೆ ಸಾಮಾನು ಸೇರಿಸುವುದು, ಕೊನೇ ಪುಟದಲ್ಲಿ ಹೊಸ ಚಾರ್ಜು ತೋರಿಸುವುದು ಇವೆಲ್ಲ ಕೇಂದ್ರ ಸರ್ಕಾರದ ಗ್ರಾಹಕ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ನಿಷೇಧದ ಪಟ್ಟಿಯಲ್ಲಿವೆ. ಅಂಥ 13 ಬಗೆಯ ಮೋಸದ ವಿನ್ಯಾಸಗಳನ್ನು ಅಲ್ಲಿ ಹೆಸರಿಸಿದ್ದಾರೆ. ವೆಬ್‌ಸೈಟ್ ಮಾಡಿಕೊಡುವವರು ಸೇಲ್ ಟೆಂಪ್ಲೇಟ್ ಜೊತೆಗೆ ಈ ಗಡಿಯಾರವನ್ನೂ ಹಾಕಿ ಕೊಡುತ್ತಾರೆ. ಪ್ರತಿ ಸಲ ಪುಟ ತೆರೆದಾಗ ಅದು ಹೊಸದಾಗಿ ಶುರುವಾಗುತ್ತಾ ಅಂತ ನೀವೇ ಫೋನ್‌ನಲ್ಲಿ ನೋಡಿ. ನಮ್ಮದು ಹಾಗೆಯೇ ಇತ್ತು, ನಮಗೇ ಗೊತ್ತಿರಲಿಲ್ಲ. "ಭಾನುವಾರ ರಾತ್ರಿ 9ರ ತನಕ" ಅಂತ ಬರೆದರೆ ಸಾಕು.

ಕ್ಯಾಶ್ ಆನ್ ಡೆಲಿವರಿ ನಿಲ್ಲಿಸಬೇಡಿ, ಮಾತಾಡಿ ಕಳಿಸಿ

ವಾಪಸ್ ಜಾಸ್ತಿ ಅಂತ ಕ್ಯಾಶ್ ಆನ್ ಡೆಲಿವರಿ ತೆಗೆದುಬಿಟ್ಟರೆ ಹೊಸ ಗಿರಾಕಿ ಬರುವುದೇ ಇಲ್ಲ. 2010ರಲ್ಲಿ ಫ್ಲಿಪ್‌ಕಾರ್ಟ್ ಇದನ್ನು ಶುರು ಮಾಡಿದ್ದೇ ಕಾರ್ಡ್ ಇಲ್ಲದವರು, ಮುಂಗಡ ಕೊಡಲು ಹೆದರುವವರು ಕೊಳ್ಳಲಿ ಅಂತ. ಈಗ ಯುಪಿಐ ಎಲ್ಲರ ಕೈಯಲ್ಲೂ ಇದೆ, ಆದರೂ ಗೊತ್ತಿಲ್ಲದ ಅಂಗಡಿಗೆ ಮೊದಲೇ 900 ರೂಪಾಯಿ ಕಳಿಸುವ ಹೆದರಿಕೆ ಹೋಗಿಲ್ಲ. ಆ ಹೆದರಿಕೆಗೆ ಕಾರಣವೂ ಇದೆ.

ನಾವು ಮಾಡುವುದು ಹೀಗೆ. ಆರ್ಡರ್ ಬಂದ ದಿನವೇ ಸಂಜೆ ಒಂದು ಫೋನ್. ಮಳವಳ್ಳಿ ಹತ್ತಿರದ ಊರೊಂದರ ಗಿರಾಕಿ ಜೊತೆ ಆದ ಮಾತು ಬರೆಯುತ್ತೇನೆ, ಕೇಳಬೇಕಾದ್ದೆಲ್ಲ ಇದರಲ್ಲೇ ಇದೆ.

"ಅಕ್ಕ, ನಮಸ್ಕಾರ. ಮೈಸೂರು ಸೀರೆ ಅಂಗಡಿಯಿಂದ ಮಾತಾಡ್ತಾ ಇರೋದು. ನೀವು ಹಸಿರು ಚೌಕಳಿ ಸೀರೆ ಹೇಳಿದ್ರಿ ಅಲ್ವಾ?"

"ಊಂ ಕಣಮ್ಮ, ನಮ್ ಹುಡ್ಗ ಒತ್ತವ್ನೆ."

"ಬಾರ್ಡರ್ ಅರಿಶಿನ ಬಣ್ಣ, ಮೂರು ಬೆರಳು ಅಗಲ. ಬೆಲೆ 925. ಯಾವತ್ತು ಕಳಿಸಲಿ?"

"ಮಂಗಳವಾರ ಬ್ಯಾಡ, ಗದ್ದೆ ತಾವ್ ಇರ್ತೀನಿ. ಸನಿವಾರ ಬಟವಾಡೆ ಆಯ್ತದೆ. ಅಮಾಸೆ ಕಳ್ದ್‌ಮ್ಯಾಕೆ ಕಳ್ಸಿ."

ಈ ಎರಡು ನಿಮಿಷದ ಮಾತಿನಲ್ಲಿ ನಾಲ್ಕು ವಿಷಯ ತಿಳಿಯಿತು. ಆರ್ಡರ್ ಮನೆಯವರಿಗೆ ಗೊತ್ತಿದೆ. ಸೀರೆ ಯಾವುದು ಅಂತ ಇಬ್ಬರಿಗೂ ಒಂದೇ ಚಿತ್ರ ಇದೆ. ದುಡ್ಡು ಯಾವತ್ತು ಕೈಯಲ್ಲಿರುತ್ತದೆ ಗೊತ್ತಾಯಿತು. ಭೀಮನ ಅಮಾವಾಸ್ಯೆ ಕಳೆದ ಮೇಲೆಯೇ ಹೊಸ ಸೀರೆ ಮನೆಗೆ ಬರಬೇಕು ಅನ್ನುವುದೂ ಗೊತ್ತಾಯಿತು. ಆಷಾಢದಲ್ಲಿ ಬೆಲೆ ಹಿಡಿದು ಶ್ರಾವಣದಲ್ಲಿ ಪಾರ್ಸೆಲ್ ಬೇಕು ಅನ್ನುವವರು ನಮ್ಮಲ್ಲಿ ಬಹಳ ಜನ. ಈಗ ಆರ್ಡರ್ ಪುಟದಲ್ಲೇ "ಅಮಾವಾಸ್ಯೆ ಆದ ಮೇಲೆ ಕಳಿಸಿ" ಅಂತ ಒಂದು ಆಯ್ಕೆ ಇಟ್ಟಿದ್ದೇವೆ. ಎರಡು ಸಲ ಫೋನ್ ಮಾಡಿದರೂ ಎತ್ತದಿದ್ದರೆ, ವಾಟ್ಸಾಪ್‌ಗೂ ಉತ್ತರ ಬರದಿದ್ದರೆ ಆ ಪಾರ್ಸೆಲ್ ಕಳಿಸುವುದಿಲ್ಲ. ಮೊದಲ ವರ್ಷ ವಾಪಸ್ ಬಂದ 38ರಲ್ಲಿ ಬಹುಪಾಲು ಇಂಥವೇ ಇದ್ದವು.

ಫೋನ್‌ನಲ್ಲಿ ಒಪ್ಪಿದ ಮೇಲೆ 99 ರೂಪಾಯಿ ಮುಂಗಡ ಕೇಳುತ್ತೇವೆ. ಅದನ್ನು ಬೆಲೆಯಲ್ಲೇ ಕಳೆಯುತ್ತೇವೆ, ಬಾಗಿಲಲ್ಲಿ ಉಳಿದ 826 ಕೊಟ್ಟರೆ ಸಾಕು. ಕಾರಣವಿಲ್ಲದೆ ಪಾರ್ಸೆಲ್ ಬೇಡ ಅಂದರೆ ಆ 99 ಕೊರಿಯರ್ ಖರ್ಚಿಗೆ ಹೋಗುತ್ತದೆ, ಸೀರೆಯಲ್ಲಿ ದೋಷ ಇದ್ದರೆ ಪೂರ್ತಿ ವಾಪಸ್ ಕೊಡುತ್ತೇವೆ. ಎರಡನ್ನೂ ಮುಂಚೆಯೇ ಹೇಳಬೇಕು. ಹೀಗೆ ಮುಂಗಡ ನಮ್ಮಲ್ಲೇ ಉಳಿದ ವಾಪಸ್ ಪಾರ್ಸೆಲ್‌ಗೆ ನಮಗೆ 160ರ ಬದಲು 61 ರೂಪಾಯಿಯಂತೆ ಹೋಗಿದ್ದು ಇದರಿಂದ.

ಮುಂಗಡ ಕೇಳುವಾಗ ನಮ್ಮದೊಂದು ಎಡವಟ್ಟು ಹೇಳಲೇಬೇಕು. ಮೊದಮೊದಲು ನಮ್ಮ ಯಜಮಾನರ ಸ್ವಂತ ಖಾತೆಯ ಕ್ಯೂಆರ್ ಕಳಿಸುತ್ತಿದ್ದೆವು. ಗಿರಾಕಿ ಸ್ಕ್ಯಾನ್ ಮಾಡಿದರೆ ಅಂಗಡಿ ಹೆಸರಿನ ಬದಲು ಯಾರೋ ಗಂಡಸಿನ ಹೆಸರು ಬರುತ್ತಿತ್ತು. "ಇದ್ಯಾರು?" ಅಂತ ಅಲ್ಲಿಗೇ ನಿಲ್ಲಿಸುತ್ತಿದ್ದರು. ಅಂಗಡಿ ಹೆಸರಿನಲ್ಲಿ ಕರೆಂಟ್ ಅಕೌಂಟ್ ಮಾಡಿಸಿ ಅದರ ಕ್ಯೂಆರ್ ಕಳಿಸಲು ಶುರು ಮಾಡಿದ ಮೇಲೆ ಈ ತೊಂದರೆ ಹೋಯಿತು. ದುಡ್ಡು ಕೇಳುವ ರಿಕ್ವೆಸ್ಟ್ ಯಾವತ್ತೂ ಕಳಿಸಬೇಡಿ. ಅಂಥ ರಿಕ್ವೆಸ್ಟ್‌ನಲ್ಲೇ ಮೋಸ ಹೋದವರು ಪ್ರತಿ ಊರಲ್ಲೂ ಇದ್ದಾರೆ. ಕ್ಯೂಆರ್ ಕಳಿಸಿ, ಅವರೇ ಹೆಸರು ಓದಿ, ಅವರೇ ಕಳಿಸಲಿ.

ವಿಳಾಸದಲ್ಲಿ ಪಿನ್‌ಕೋಡ್ ಜೊತೆಗೆ ಒಂದು ಗುರುತು ಮತ್ತು ಊರಲ್ಲೇ ಇರುವ ಒಬ್ಬರ ನಂಬರ್ ತೆಗೆದುಕೊಳ್ಳಿ. ಆರ್ಡರ್ ಹಾಕಿದ ಮಗ ಬೆಂಗಳೂರಲ್ಲಿರುತ್ತಾನೆ, ಕೊರಿಯರ್ ಹುಡುಗ ಅವನಿಗೆ ಫೋನ್ ಮಾಡುತ್ತಾನೆ, ಅವನು ಡ್ಯೂಟಿಯಲ್ಲಿ ಎತ್ತುವುದಿಲ್ಲ. ಅರಳಿಕಟ್ಟೆ ಎದುರು ಮನೆಯಲ್ಲಿ ಅಮ್ಮ ಕಾಯುತ್ತಾ ಕೂತಿರುತ್ತಾರೆ.

ಮುಟ್ಟಿ ನೋಡಲಾಗದ್ದನ್ನು ತೋರಿಸಿ

ಅಂಗಡಿಗೆ ಬಂದವರು ಸೀರೆಯನ್ನು ಬೆರಳಲ್ಲಿ ಉಜ್ಜುತ್ತಾರೆ, ಬಾಗಿಲ ಬೆಳಕಿಗೆ ಹಿಡಿಯುತ್ತಾರೆ, ಬಣ್ಣ ಬಿಡುತ್ತಾ ಅಂತ ಕೇಳುತ್ತಾರೆ. ಈ ಮೂರಕ್ಕೂ ಒಂದು ನಿಮಿಷದ ವಿಡಿಯೊದಲ್ಲಿ ಉತ್ತರ ಕೊಡಿ. ನಾವು ಬೆಳಿಗ್ಗೆ ಹತ್ತರ ಹೊತ್ತಿಗೆ ಕಿಟಕಿ ಪಕ್ಕ, ಲೈಟ್ ಹಾಕದೆ ತೆಗೆಯುತ್ತೇವೆ. ಬಿಳಿ ಕರ್ಚೀಫನ್ನು ಒದ್ದೆ ಮಾಡಿ, ಬಾರ್ಡರ್ ಮೇಲೆ ಹತ್ತು ಸಲ ಉಜ್ಜಿ, ಕರ್ಚೀಫನ್ನು ಹತ್ತಿರ ತಂದು ತೋರಿಸುತ್ತೇವೆ. ಕೆಂಪು ಬಾರ್ಡರ್‌ನ ಒಂದು ಬಗೆಯಲ್ಲಿ ಬಣ್ಣ ಸ್ವಲ್ಪ ಹತ್ತುತ್ತದೆ. ಅದನ್ನೂ ಹಾಗೆಯೇ ತೋರಿಸಿ "ಮೊದಲ ಎರಡು ಸಲ ಬೇರೆಯಾಗಿ ಒಗೆಯಿರಿ" ಅಂತ ಹೇಳಿದೆವು. ಆ ಸೀರೆ ಒಂದೂ ವಾಪಸ್ ಬರಲಿಲ್ಲ. ಉದ್ದವನ್ನು ಬರೆಯಿರಿ: ಸೀರೆ 5.5 ಮೀಟರ್, ಬ್ಲೌಸ್ ಪೀಸ್ 0.8 ಮೀಟರ್. ಬ್ಲೌಸ್ ಪೀಸ್ ಇಲ್ಲದಿದ್ದರೆ ಅದನ್ನು ದೊಡ್ಡದಾಗಿ ಬರೆಯಿರಿ.

ವಾಟ್ಸಾಪ್ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ ಒಂದಕ್ಕೆ 256 ಜನ. ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಹಾಗಾಗಿ ಬಿಲ್ ಕೊಡುವಾಗಲೇ "ನಂಬರ್ ಸೇವ್ ಮಾಡ್ಕೊಳ್ಳಿ" ಅಂತ ಹೇಳುವುದು ಸೇಲ್‌ಗೆ ತಿಂಗಳು ಮುಂಚೆಯೇ ಶುರುವಾಗಬೇಕು.

ಅಂಗಡಿಯ ವಿಳಾಸ, ಫೋನ್, ದೂರು ಕೇಳುವವರ ಹೆಸರು ಪುಟದ ಮೇಲ್ಗಡೆಯೇ ಇರಲಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ಬಂದ 48 ಗಂಟೆಯಲ್ಲಿ ಅದು ತಲುಪಿದೆ ಅಂತ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. "ಸೇಲ್ ಮಾಲು ವಾಪಸ್ ಇಲ್ಲ" ಅನ್ನುವ ಬೋರ್ಡ್ ದೋಷವಿದ್ದ ಮಾಲಿಗೆ, ಹೇಳಿದ್ದೊಂದು ಕಳಿಸಿದ್ದೊಂದು ಆದ ಮಾಲಿಗೆ ನಡೆಯುವುದಿಲ್ಲ. ಗಿರಾಕಿಗಳಿಗೆ 1915 ಸಹಾಯವಾಣಿ ಇದೆ ಅನ್ನುವುದನ್ನೂ ನಾವೇ ಬರೆದಿದ್ದೇವೆ.

ಸೇಲ್ ನಡೆಯುವಾಗ ಮತ್ತು ಆಮೇಲೆ

ಸೇಲ್‌ಗೆ ಇಟ್ಟ ಮಾಲಿನಲ್ಲಿ ಹತ್ತಕ್ಕೆ ಒಂದನ್ನು ಮಾರಾಟಕ್ಕೆ ಬಿಡದೆ ಎತ್ತಿಡಿ. ಬದಲಿ ಕೇಳಿದವರಿಗೆ ಅದೇ ಬಣ್ಣ ಕೊಡಬೇಕಲ್ವಾ. ಅಂಗಡಿಯಲ್ಲಿ ಒಂದು ಸೀರೆ ಮಾರಿದರೆ ವೆಬ್‌ಸೈಟ್‌ನಲ್ಲೂ ಅವತ್ತೇ ಒಂದು ಕಮ್ಮಿ ಮಾಡಿ. ಇದನ್ನು ನಾವು ಮಧ್ಯಾಹ್ನ ಮತ್ತು ರಾತ್ರಿ ಎರಡು ಹೊತ್ತು ಪುಸ್ತಕ ನೋಡಿ ಮಾಡುತ್ತೇವೆ. ಖಾಲಿಯಾದ ಸೀರೆಗೆ ಆರ್ಡರ್ ತಗೊಂಡು ಆಮೇಲೆ ರದ್ದು ಮಾಡಿದರೆ ಆ ಮನೆ ಮತ್ತೆ ಬರುವುದಿಲ್ಲ, ಅವರ ಅತ್ತಿಗೆಯೂ ಬರುವುದಿಲ್ಲ.

ಕೊನೇ ಪಾರ್ಸೆಲ್ ತಲುಪಿದ ಮೇಲೆ ವಾಪಸ್ ಬಂದ ಒಂದೊಂದಕ್ಕೂ ಫೋನ್ ಮಾಡಿ ಕಾರಣ ಕೇಳಿ. ಜಗಳಕ್ಕಲ್ಲ, ಬರೆದುಕೊಳ್ಳೋದಕ್ಕೆ. ನಮ್ಮ ಐದರಲ್ಲಿ ಎರಡು ಮನೆಗಳಿಗೆ ಕೊರಿಯರ್ ಹುಡುಗ ಹೋಗದೆಯೇ "ಬಾಗಿಲು ಹಾಕಿತ್ತು" ಅಂತ ಬರೆದಿದ್ದ. ಮನೆಯವರು ಕಾಯುತ್ತಿದ್ದರಂತೆ. ಆ ಎರಡನ್ನೂ ಪೋಸ್ಟ್ ಆಫೀಸಿನ ಸ್ಪೀಡ್ ಪೋಸ್ಟ್‌ನಲ್ಲಿ ಮತ್ತೆ ಕಳಿಸಿದೆವು, ತೆಗೆದುಕೊಂಡರು. ಒಬ್ಬರಿಗೆ ಬಣ್ಣ ಹಿಡಿಸಲಿಲ್ಲ. ಒಂದು ಮನೆಯಲ್ಲಿ ಸಾವಾಗಿತ್ತು, ಅವರ 99 ರೂಪಾಯಿ ವಾಪಸ್ ಹಾಕಿದೆವು. ಕೊನೆಯವರು ಫೋನ್ ಎತ್ತಲಿಲ್ಲ. ಹೋಗದೆ ಬರೆದ ಆ ಎರಡು ಪಿನ್‌ಕೋಡ್‌ಗಳನ್ನು ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಗುರುತು ಮಾಡಿದ್ದೇವೆ. ಅಲ್ಲಿಗೆ ಈಗ ಪೋಸ್ಟ್‌ನಲ್ಲೇ ಕಳಿಸುತ್ತೇವೆ.